ಒಂದು ತಿಂಗಳ ಬಾಡಿಗೆ ಯಾವ ಗೋಡೆಗೆ? ಪೇಂಟಿಂಗ್ ಖರ್ಚಿನ ಒಂದು ಪ್ರಕರಣ

ನಮ್ಮ ಬಡಾವಣೆಯ ಸಂಘದಲ್ಲಿ ಮನೆ ಮಾಲೀಕರಿಗೂ ಬಾಡಿಗೆದಾರರಿಗೂ ಲೆಕ್ಕ ಹೊಂದದಿದ್ದಾಗ ಇಬ್ಬರನ್ನೂ ಕೂರಿಸಿ ಮಾತಾಡಿಸುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೆ ಬರುತ್ತದೆ. ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆ ಇದು. ನೆಲಮಹಡಿಯಲ್ಲಿ ಮಾಲೀಕರು, ಮೇಲೆ ಬಾಡಿಗೆಯವರು. ಅಡ್ವಾನ್ಸ್ ವಾಪಸ್ ಕೊಡುವಾಗ ಬರುವ ತಕರಾರುಗಳಲ್ಲಿ ಪೇಂಟಿಂಗ್‌ನದೇ ಹೆಚ್ಚು. ಇಲ್ಲಿ ಬರೆಯುತ್ತಿರುವುದು ಅಂಥದ್ದೊಂದು ತಕರಾರನ್ನೂ, ಅದು ಮುಗಿದ ಮೇಲೆ ಅದೇ ಮನೆಗೆ ಮಾಡಿಕೊಂಡ ಹೊಸ ಕರಾರನ್ನೂ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಮಾಲೀಕರು ಅರವತ್ತು ದಾಟಿದ ಹೆಂಗಸು. ಪಿಂಚಣಿಯ ಜೊತೆಗೆ ಮೇಲಿನ ಮನೆಯ ಬಾಡಿಗೆಯೇ ಅವರ ವರಮಾನ. ಬಾಡಿಗೆಗೆ ಇದ್ದವರು ಉತ್ತರ ಕರ್ನಾಟಕದ ಕಡೆಯ ದಂಪತಿ, ಜೊತೆಗೆ ಬಂದಾಗ ಒಂದೂವರೆ ವರ್ಷದ ಮಗು. ಎರಡು ರೂಮಿನ ಮನೆ, ಒಳಗಿನ ನೆಲದ ಅಳತೆ ಸುಮಾರು 850 ಚದರಡಿ. ಅಡ್ವಾನ್ಸ್ 1,50,000 ರೂಪಾಯಿ. ಬಾಡಿಗೆ ಮೊದಲು 20,000 ಇದ್ದದ್ದು, ಹನ್ನೊಂದು ತಿಂಗಳಿಗೊಮ್ಮೆ ಶೇಕಡಾ 5ರಂತೆ ಏರಿ 21,000 ಆಯಿತು, ಆಮೇಲೆ 22,050. ಹನ್ನೊಂದು ತಿಂಗಳ ಕರಾರು ಎರಡು ಸಲ ನವೀಕರಣವಾಗಿ, ಒಟ್ಟು 33 ತಿಂಗಳು ಇದ್ದು ಮನೆ ಖಾಲಿ ಮಾಡಿದರು.

ಕರಾರು ಎಲ್ಲರೂ ಮಾಡಿಸುವಂಥದ್ದೇ. ಟೈಪಿಂಗ್ ಅಂಗಡಿಯಲ್ಲಿ ಮೊದಲೇ ಸಿದ್ಧವಿದ್ದ ನಮೂನೆಗೆ ಹೆಸರು, ಬಾಡಿಗೆ, ತಾರೀಖು ತುಂಬಿ ಛಾಪಾ ಕಾಗದದ ಮೇಲೆ ಮುದ್ರಿಸಿದ್ದು. ಅದರಲ್ಲಿ ಪೇಂಟಿಂಗ್‌ಗೆ ಸಂಬಂಧಿಸಿದ ಷರತ್ತು ಎರಡು ಕಡೆ ಇತ್ತು. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳತಕ್ಕದ್ದು ಎಂದು ಆರನೇ ಷರತ್ತು. ಸಹಜ ಸವೆತದ ಹೊರತು ಬೇರೆ ಯಾವುದೇ ಹಾನಿಯಾದರೆ ಬಾಡಿಗೆದಾರರೇ ಭರಿಸತಕ್ಕದ್ದು ಎಂದು ಹನ್ನೊಂದನೇ ಷರತ್ತು. ಸಹಜ ಸವೆತ ಅಂದರೆ ಏನು, ಯಾವ ತಿಂಗಳ ಬಾಡಿಗೆ, ಆ ಒಂದು ತಿಂಗಳು ಕನಿಷ್ಠವೋ ಗರಿಷ್ಠವೋ, ಇದ್ಯಾವುದನ್ನೂ ಎಲ್ಲೂ ಹೇಳಿರಲಿಲ್ಲ. ಮೂರು ಸಲ ಸಹಿ ಹಾಕುವಾಗಲೂ ಯಾರೂ ಕೇಳಿರಲಿಲ್ಲ.

ತಕರಾರು

ಮನೆ ಖಾಲಿಯಾದ ದಿನ ಮಾಲೀಕರು 90,000 ಕೊಟ್ಟು 60,000 ಉಳಿಸಿಕೊಂಡರು. ನಾಲ್ಕು ದಿನದ ನಂತರ ಅವರ ಪೇಂಟರ್ ಕೊಟ್ಟ ಕೊಟೇಶನ್ ಫೋಟೊ ವಾಟ್ಸಾಪ್‌ನಲ್ಲಿ ಹೋಯಿತು: 2,800 ಚದರಡಿಗೆ, ಚದರಡಿಗೆ 20 ರೂಪಾಯಿಯಂತೆ 56,000. "ಒಂದು ತಿಂಗಳ ಬಾಡಿಗೆ ಮಾಮೂಲಿ ಪೇಂಟಿಂಗ್‌ಗೆ. ನೀವು ಗೋಡೆ ಹಾಳು ಮಾಡಿದ್ದೀರಿ, ಅದಕ್ಕೆ ಪೂರ್ತಿ ಖರ್ಚು ನಿಮ್ಮದೇ" ಎಂದು ಅವರ ವಾದ.

ಬಾಡಿಗೆದಾರರು ಅದಕ್ಕೆ ಉತ್ತರವಾಗಿ 2021ರ ಮಾದರಿ ಬಾಡಿಗೆ ಕಾಯ್ದೆಯ ಪುಟವೊಂದನ್ನು ಕಳಿಸಿದರು. ಗೋಡೆಗೆ ಸುಣ್ಣ ಹೊಡೆಸುವುದು, ಬಾಗಿಲು ಕಿಟಕಿಗೆ ಬಣ್ಣ ಹಚ್ಚಿಸುವುದು ಮಾಲೀಕರ ಜವಾಬ್ದಾರಿ ಎಂದು ಅದರ ಅನುಸೂಚಿಯಲ್ಲಿದೆ ನಿಜ. "ಹಂಗಾದ್ರ ಒಂದು ತಿಂಗಳದ್ದೂ ಕೊಡಬೇಕಾಗಿಲ್ರೀ ಆಂಟಿ" ಎಂದು ಬರೆದರು. ಅಲ್ಲಿಂದ ಮುಂದೆ ಮಾತು ಕೆಟ್ಟಿತು.

ನನ್ನ ಹತ್ತಿರ ಬಂದಾಗ ಇಬ್ಬರಿಗೂ ಮೊದಲು ಕಾನೂನಿನ ವಿಷಯ ಹೇಳಿದೆ. ಮಾದರಿ ಕಾಯ್ದೆ ಹೆಸರಿಗೆ ತಕ್ಕಂತೆ ಮಾದರಿ. ರಾಜ್ಯ ಅದನ್ನು ತನ್ನ ಕಾಯ್ದೆಯಾಗಿ ತಂದರೆ ಮಾತ್ರ ಅನ್ವಯ. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳನ್ನು ಹೊರಗಿಟ್ಟಿದ್ದರಿಂದ ಇಪ್ಪತ್ತು ಸಾವಿರದ ಮನೆಗೆ ಅದೂ ಬರುವುದಿಲ್ಲ. ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು. ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಸಹಜ ಸವೆತದಿಂದ ಆದ ಬದಲಾವಣೆಗೆ ಅವನು ಹೊಣೆಯಲ್ಲ ಎನ್ನುತ್ತದೆ ಅದು. ಆದರೆ ಅದೇ ಕಲಮಿನ ಶುರುವಿನಲ್ಲೇ, ಬೇರೆ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ ಮಾತ್ರ ಈ ನಿಯಮ ಎಂದೂ ಇದೆ. ಹಾಗಾಗಿ ಬರೆದು ಸಹಿ ಹಾಕಿದ ಒಂದು ತಿಂಗಳ ಬಾಡಿಗೆಯನ್ನು ಬಾಡಿಗೆದಾರರು ಇಲ್ಲವೆನ್ನಲಾಗದು. ಅದರ ಮೇಲೆ ಏನೇ ಕೇಳಬೇಕಿದ್ದರೂ ಮಾಲೀಕರು ಅದು ಸವೆತವಲ್ಲ, ಹಾನಿ ಎಂದು ತೋರಿಸಬೇಕು. ಇಬ್ಬರಿಗೂ ಪೂರ್ತಿ ಸಮಾಧಾನವಾಗಲಿಲ್ಲ, ಆದರೆ ಮಾತಾಡಲು ಒಂದು ಜಾಗ ಸಿಕ್ಕಿತು.

ಮೊದಲು ಮಾಡಿದ ತಪ್ಪು ಪ್ರಯತ್ನ

ನಾನು ಮೊದಲು ಮಾಡಿದ್ದು ಬೇರೆ ಪೇಂಟರ್‌ನಿಂದ ಎರಡನೇ ಕೊಟೇಶನ್ ತರಿಸಿದ್ದು. ಅದೇ 2,800 ಚದರಡಿಗೆ 13 ರೂಪಾಯಿಯಂತೆ 36,400 ಬಂತು. ಇಪ್ಪತ್ತು ಸಾವಿರ ಕಡಿಮೆಯಾಯಿತಲ್ಲ, ನಡುವೆ ಎಲ್ಲೋ ಒಂದು ಸಂಖ್ಯೆಗೆ ಇಬ್ಬರನ್ನೂ ಒಪ್ಪಿಸೋಣ ಎಂದುಕೊಂಡೆ. ಅದು ಕೆಲಸ ಮಾಡಲಿಲ್ಲ. ಮಾಲೀಕರಿಗೆ ಎರಡನೇ ಪೇಂಟರ್ ಕಳಪೆ ಕೆಲಸದವನಂತೆ ಕಂಡ. ಬಾಡಿಗೆದಾರರಿಗೆ ಮೊದಲನೆಯವನು ಮೋಸಗಾರನಂತೆ ಕಂಡ.

ನಿಜಕ್ಕೂ ಇಬ್ಬರೂ ಸರಿಯಾದ ರೇಟನ್ನೇ ಹೇಳಿದ್ದರು. ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ಓದಿದಾಗ ಅದು ತಿಳಿಯಿತು. ಎರಡನೆಯದು ತೂತು ಮುಚ್ಚಿ, ಉಜ್ಜಿ, ಈಗಿರುವ ಡಿಸ್ಟೆಂಪರ್ ಮೇಲೆ ಎರಡು ಕೋಟ್ ಡಿಸ್ಟೆಂಪರ್ ಹಚ್ಚುವ ಲೆಕ್ಕ. ಮೊದಲನೆಯದು ಎಲ್ಲ ಗೋಡೆಗೂ ಹೊಸದಾಗಿ ಎರಡು ಕೋಟ್ ಪುಟ್ಟಿ, ಪ್ರೈಮರ್, ಅದರ ಮೇಲೆ ಒರೆಸಿದರೆ ಶುದ್ಧವಾಗುವ ಎಮಲ್ಷನ್. ಬಾಡಿಗೆದಾರರು ಬಂದಾಗ ಇದ್ದದ್ದು ಡಿಸ್ಟೆಂಪರ್. ಹೋಗುವಾಗ ಅವರ ದುಡ್ಡಿನಲ್ಲಿ ಎಮಲ್ಷನ್ ಆಗಬೇಕು ಎಂದರೆ ಅದು ಮನೆಯನ್ನು ಇದ್ದ ಸ್ಥಿತಿಗೆ ತರುವುದಲ್ಲ, ಮೇಲ್ದರ್ಜೆಗೆ ಏರಿಸುವುದು. ಇದನ್ನು ಮಾಲೀಕರಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೇ ಬಣ್ಣ ಹಚ್ಚಿಸಿಬಿಡಿ ಅಮ್ಮ ಅಂತ ಪೇಂಟರೇ ಹೇಳಿದ" ಅಂದರು. ಅವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಎರಡು ಬೇರೆ ಕೆಲಸ ಒಂದೇ ಬಿಲ್ಲಿನಲ್ಲಿ ಸೇರಿಕೊಂಡಿತ್ತು, ಅಷ್ಟೆ.

ಪೇಂಟರ್ ಕೊಟೇಶನ್ ಗೋಡೆಗೆ ಏನು ಮಾಡಬೇಕು ಎಂದು ಹೇಳುತ್ತದೆ, ಗೋಡೆ ಯಾಕೆ ಹಾಗಾಯಿತು ಎಂದು ಹೇಳುವುದಿಲ್ಲ. ಯಾರು ಕೊಡಬೇಕು ಎನ್ನುವುದು ನಿಂತಿರುವುದು ಆ ಯಾಕೆ ಎಂಬುದರ ಮೇಲೆ. ಆದ್ದರಿಂದ ಒಂದು ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಕರೆದುಕೊಂಡು ಖಾಲಿ ಮನೆಯಲ್ಲಿ ರೂಮಿಂದ ರೂಮಿಗೆ ನಡೆದೆವು.

ಗೋಡೆಯಿಂದ ಗೋಡೆಗೆ

ಹಾಲಿನಲ್ಲಿ ಸ್ವಿಚ್ ಬೋರ್ಡ್ ಸುತ್ತ ಕೈ ತಾಗಿ ಕಪ್ಪಾಗಿತ್ತು. ಸೋಫಾ ಇದ್ದ ಕಡೆ ತಲೆಯೆಣ್ಣೆಯ ಗುರುತು, ಕ್ಯಾಲೆಂಡರ್ ತೂಗಿದ ಕಡೆ ಸುತ್ತಲಿಗಿಂತ ತಿಳಿಯಾದ ಚೌಕ. ಇವನ್ನು ಸಹಜ ಸವೆತ ಎಂದು ಮಾಲೀಕರೇ ಒಪ್ಪಿದರು. ಟಿವಿ ಸ್ಟ್ಯಾಂಡಿಗೂ ಒಂದು ಶೆಲ್ಫಿಗೂ ಡ್ರಿಲ್ ಮಾಡಿದ ಎಂಟು ದೊಡ್ಡ ತೂತುಗಳಿದ್ದವು, ಎರಡರ ಸುತ್ತ ಗಾರೆ ಬಿದ್ದಿತ್ತು. ಇದು ಸವೆತವಲ್ಲ ಎಂದು ಬಾಡಿಗೆದಾರರು ಒಪ್ಪಿದರು. ಸಣ್ಣ ಮೊಳೆಯ ತೂತುಗಳು ಒಂಬತ್ತು. ಅದರಲ್ಲಿ ಹಿಂದಿನವರ ಕಾಲದವು ಎಷ್ಟೋ ಯಾರಿಗೂ ಗೊತ್ತಿಲ್ಲದ್ದರಿಂದ ಬಿಟ್ಟೆವು.

ದೇವರ ಗೂಡಿನ ಮೇಲೆ ದೀಪದ ಮಸಿ ಗೇಣುದ್ದ ಕಪ್ಪಗೆ ಹತ್ತಿತ್ತು. ಇದು ತಕರಾರಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಮಾಲೀಕರು ಅದರ ಮೇಲೆ ಕೈಯಾಡಿಸಿ, "ದೀಪ ಹಚ್ಚಿದ್ದಕ್ಕೆ ದುಡ್ಡು ಕೇಳ್ತೀನಾ?" ಎಂದು ಮುಂದೆ ನಡೆದರು. ಆ ಮಾತಿನಿಂದ ಬಾಡಿಗೆದಾರರ ಮುಖ ಸಡಿಲವಾಯಿತು. ಮುಂದಿನ ರೂಮಿನಲ್ಲಿ ಮಗು ಎರಡು ಗೋಡೆಯ ಮೇಲೆ ಮೇಣದ ಬಣ್ಣದ ಕಡ್ಡಿಯಿಂದ ಗೀಚಿದ್ದನ್ನು ಅವರೇ ಮುಂದಾಗಿ ತೋರಿಸಿದರು.

ಕಠಿಣವಾದದ್ದು ಚಿಕ್ಕ ರೂಮು. ಬಾತ್‌ರೂಮಿಗೆ ಅಂಟಿದ ಗೋಡೆಯಲ್ಲಿ ನೆಲದಿಂದ ಎರಡಡಿ ಎತ್ತರದವರೆಗೆ ಬಣ್ಣ ಉಬ್ಬಿ ಹಪ್ಪಳದಂತೆ ಎದ್ದಿತ್ತು, ಒಳಗೆ ಬಿಳಿ ಉಪ್ಪಿನ ಪುಡಿ. ಒದ್ದೆ ಬಟ್ಟೆಯನ್ನು ರೂಮಿನೊಳಗೇ ಒಣಹಾಕಿ ಕಿಟಕಿ ತೆಗೆಯದೆ ಹೀಗಾಯಿತು ಎಂದು ಮಾಲೀಕರು. ನೀರು ಒಳಗಿನಿಂದಲೇ ಬರುತ್ತಿದೆ ಎಂದು ಬಾಡಿಗೆದಾರರು. ಮಾಲೀಕರು ಕೇಳಿದ ದೊಡ್ಡ ಮೊತ್ತದ ಬೇರು ಈ ಗೋಡೆಯಲ್ಲಿತ್ತು. ಇದನ್ನು ನೋಡಿಯೇ ಪೇಂಟರ್ ಇಡೀ ಮನೆಗೆ ಪುಟ್ಟಿ ಹೇಳಿದ್ದ.

ಇದಕ್ಕೊಂದು ಸರಳ ಪರೀಕ್ಷೆ ಇದೆ. ಉಬ್ಬಿದ್ದನ್ನು ಕೆರೆದು ಮೇಲ್ಮೈ ಒರೆಸಿ, ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗಾಳಿಯಾಡದಂತೆ ಅಂಟಿಸಬೇಕು. ಒಂದೆರಡು ದಿನ ಬಿಟ್ಟು ನೋಡಿದರೆ, ರೂಮಿನ ಹವೆಯ ತೇವವಾಗಿದ್ದರೆ ಹನಿ ಹಾಳೆಯ ಹೊರಮೈ ಮೇಲೆ ಕೂರುತ್ತದೆ. ಗೋಡೆಯೊಳಗಿನ ನೀರಾಗಿದ್ದರೆ ಒಳಮೈ, ಅಂದರೆ ಗೋಡೆಯ ಕಡೆ, ಮಂಜು ಕಟ್ಟುತ್ತದೆ. ಮನೆ ಖಾಲಿಯಿದ್ದದ್ದರಿಂದ ಒದ್ದೆ ಬಟ್ಟೆಯ ಮಾತೇ ಇರಲಿಲ್ಲ. ಆದರೆ ಬಾತ್‌ರೂಮಿನಲ್ಲಿ ನೀರು ಓಡದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಹಾಗಾಗಿ ಮಾಲೀಕರೇ ಎರಡು ದಿನ ಬೆಳಿಗ್ಗೆ ಸಂಜೆ ಅಲ್ಲಿ ನಾಲ್ಕು ನಾಲ್ಕು ಬಕೆಟ್ ನೀರು ಹೊಯ್ದರು. ಮೂರನೇ ದಿನ ಹಾಳೆಯ ಒಳಮೈಯಲ್ಲಿ ಹನಿ ಸಾಲುಗಟ್ಟಿತ್ತು, ಹೊರಮೈ ಒಣಗಿತ್ತು. ಬಾತ್‌ರೂಮಿನ ನೆಲದ ಟೈಲ್ಸ್ ಸಂದಿಯ ಗ್ರೌಟ್ ಸವೆದು ನೀರು ಅಡಿಗಿಳಿಯುತ್ತಿತ್ತು.

ಅದಕ್ಕೂ ಗಟ್ಟಿ ಸಾಕ್ಷಿ ಬಾಡಿಗೆದಾರರ ಹೆಂಡತಿಯ ಫೋನಿನಲ್ಲಿತ್ತು. ಮನೆಗೆ ಬಂದು ಹಾಲು ಉಕ್ಕಿಸಿದ ದಿನ ಚಿಕ್ಕ ರೂಮಿನಲ್ಲಿ ಚಾಪೆಯ ಮೇಲೆ ಮಗುವನ್ನು ಮಲಗಿಸಿ ತೆಗೆದ ಫೋಟೊ. ಮಗುವಿನ ಹಿಂದೆ, ಅದೇ ಗೋಡೆಯ ಬುಡದಲ್ಲಿ, ಅಂಗೈಯಗಲ ಬಣ್ಣ ಉಬ್ಬಿರುವುದು ಕಾಣುತ್ತಿತ್ತು. ಯಾವ ಕರಾರಿಗೂ ಸಾಕ್ಷಿಯಾಗಲೆಂದು ತೆಗೆದದ್ದಲ್ಲ ಅದು. ಮಾಲೀಕರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆ ಗೋಡೆ ಲೆಕ್ಕದಿಂದ ಹೊರಬಿತ್ತು. ಗ್ರೌಟ್ ಸರಿಪಡಿಸಿ ಗೋಡೆ ಪೂರ್ತಿ ಒಣಗುವ ತನಕ ಅಲ್ಲಿ ಬಣ್ಣ ಹಚ್ಚಿಸಬೇಡಿ ಎಂದೂ ಅವರಿಗೆ ಹೇಳಿದೆ. ಒದ್ದೆ ಗೋಡೆಗೆ ಯಾವ ಬಣ್ಣ ಹಚ್ಚಿದರೂ ಮತ್ತೆ ಏಳುತ್ತದೆ, ಆಗ ಮುಂದಿನ ಬಾಡಿಗೆದಾರರ ಜೊತೆ ಇದೇ ಜಗಳ.

ಲೆಕ್ಕ

ಉಳಿದದ್ದು ತೂತು ಮತ್ತು ಗೀಚು. ಮಾಲೀಕರು ಗೀಚಿದ ಎರಡು ಗೋಡೆಗೆ, ಅಂದರೆ 220 ಚದರಡಿಗೆ, ಬಣ್ಣದ ಪೂರ್ತಿ ಖರ್ಚು ಕೇಳಿದರು. ನಾನು ಒಪ್ಪಲಿಲ್ಲ. ಒಂದು ತಿಂಗಳ ಬಾಡಿಗೆ ತೆಗೆದುಕೊಳ್ಳುವುದೇ ಮನೆಗೆ ಬಣ್ಣ ಹಚ್ಚಿಸಲು. ಆ ಎರಡು ಗೋಡೆಯ ಬಣ್ಣವೂ ಅದರಲ್ಲೇ ಬಂತು. ಗೀಚು ಇದ್ದದ್ದರಿಂದ ಹೆಚ್ಚಾಗಿ ಏನು ಮಾಡಬೇಕಾಯಿತೋ ಅಷ್ಟನ್ನು ಮಾತ್ರ ಕೇಳಬಹುದು. ಮೇಣದ ಮೇಲೆ ನೀರಿನ ಬಣ್ಣ ಹಿಡಿಯುವುದಿಲ್ಲ, ಹಿಡಿದರೂ ಕೆಳಗಿನ ಕೆಂಪು ನೀಲಿ ಮೇಲೆ ಇಣುಕುತ್ತದೆ. ಅದಕ್ಕೆ ಮೊದಲು ಸೋಪು ನೀರಿನಲ್ಲಿ ತಿಕ್ಕಿ, ಕಲೆ ತಡೆಯುವ ಪ್ರೈಮರ್ ಒಂದು ಕೋಟ್ ಬೇಕು. ಪೇಂಟರ್ ಅದಕ್ಕೆ ಚದರಡಿಗೆ 6 ರೂಪಾಯಿ ಹೇಳಿದ: 1,320. ಎಂಟು ತೂತು ಮುಚ್ಚಿ ಮಟ್ಟ ಮಾಡಲು 1,000. ಒಟ್ಟು 2,320.

ಯಾವ ತಿಂಗಳ ಬಾಡಿಗೆ ಎಂಬ ಪ್ರಶ್ನೆ ಕೊನೆಗೆ ಬಂತು. ಮೊದಲ ಕರಾರಿನ 20,000 ಎಂದು ಬಾಡಿಗೆದಾರರು ಹಿಡಿದರು. ಪ್ರತಿ ನವೀಕರಣವೂ ಹೊಸ ಕರಾರೇ, ಕೊನೆಯದರಲ್ಲಿ 22,050 ಬಾಡಿಗೆಯೂ ಅದೇ ಆರನೇ ಷರತ್ತೂ ಇದ್ದವು. ಹಾಗಾಗಿ ಇಲ್ಲಿ ಮಾಲೀಕರು ಸರಿ ಎಂದೆ. 22,050ಕ್ಕೆ 2,320 ಸೇರಿ 24,370. ಉಳಿಸಿಕೊಂಡಿದ್ದ 60,000ದಲ್ಲಿ 35,630 ವಾಪಸ್ ಹೋಯಿತು. ಇಬ್ಬರೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದರು.

ಹೊಸ ಕರಾರು

ಮಾಲೀಕರು ಎರಡು ವಾರ ಬಿಟ್ಟು ತಾವಾಗಿಯೇ ಬಂದರು. ಮುಂದಿನವರಿಗೆ ಸರಿಯಾಗಿ ಬರೆದುಕೊಡಿ ಎಂದು. ಆಗ ನಾನು ಅವರ ಮುಂದಿಟ್ಟದ್ದು ನನ್ನನ್ನು ಬಹಳ ದಿನದಿಂದ ಕಾಡುತ್ತಿದ್ದ ಮಾತು. ಒಂದು ತಿಂಗಳ ಬಾಡಿಗೆ ಎಂಬ ರೂಢಿಯಲ್ಲಿ ಹತ್ತು ತಿಂಗಳಿದ್ದು ಹೋದವರೂ ಐದು ವರ್ಷ ಇದ್ದವರೂ ಒಂದೇ ಸಮ. ಅಷ್ಟೇ ಅಲ್ಲ, ಬಾಡಿಗೆ ವರ್ಷವರ್ಷ ಏರುವುದರಿಂದ ಹೆಚ್ಚು ದಿನ ಇದ್ದವರು ಹೆಚ್ಚು ಕೊಡುತ್ತಾರೆ. ಹೆಚ್ಚು ದಿನ ಇದ್ದರೆ ಗೋಡೆ ಹೆಚ್ಚು ಕೊಳೆಯಾಗುತ್ತದೆ ಎನ್ನುವುದು ಮಾಲೀಕರ ಎಣಿಕೆ. ಆದರೆ ಈ 33 ತಿಂಗಳಲ್ಲಿ ಹನ್ನೊಂದು ತಿಂಗಳಿಗೊಬ್ಬರಂತೆ ಮೂರು ಕುಟುಂಬ ಬಂದು ಹೋಗಿದ್ದರೆ ಅವರು ಮೂರು ಸಲ ಬಣ್ಣ ಹಚ್ಚಿಸಬೇಕಿತ್ತು. ನೆಲೆ ನಿಂತ ಬಾಡಿಗೆದಾರ ಆ ಖರ್ಚು ಉಳಿಸುತ್ತಾನೆ. ಬಣ್ಣಕ್ಕೂ ಒಂದು ಆಯಸ್ಸಿದೆ. ಅದು ಮುಗಿಯುವ ತನಕ ಇದ್ದವರು ಬಾಡಿಗೆ ಕೊಡುತ್ತಲೇ ಅದನ್ನು ಬಳಸಿದ್ದಾರೆ, ಮತ್ತೆ ಯಾಕೆ ಕೊಡಬೇಕು?

ಅವರು ಒಪ್ಪಿದರು. ಈ ಸಲ ಇಡೀ ಮನೆಗೆ ತಮ್ಮ ಖರ್ಚಿನಲ್ಲೇ ಎಮಲ್ಷನ್ ಹಚ್ಚಿಸಿದ್ದರು, ಅದಕ್ಕೆ ನಾಲ್ಕು ವರ್ಷದ ಆಯಸ್ಸು ಎಂದು ಲೆಕ್ಕ ಹಿಡಿದೆವು. ಷರತ್ತು ಹೀಗೆ ಬರೆದೆವು:

"ಪೇಂಟಿಂಗ್ ಬಾಬ್ತು ಬಾಡಿಗೆದಾರರು ಕೊಡಬೇಕಾದ ಗರಿಷ್ಠ ಮೊತ್ತ 20,000 ರೂಪಾಯಿ. ವಾಸದ ಪ್ರತಿ ಒಂದು ವರ್ಷ ಪೂರ್ಣವಾದಾಗ ಇದರಲ್ಲಿ 5,000 ರೂಪಾಯಿ ಕಡಿಮೆಯಾಗುತ್ತದೆ. ನಾಲ್ಕು ವರ್ಷದ ನಂತರ ಏನೂ ಇಲ್ಲ. ಕರಾರು ನವೀಕರಣವಾದರೂ, ಬಾಡಿಗೆ ಏರಿದರೂ, ವಾಸ ಮೊದಲ ದಿನದಿಂದಲೇ ಲೆಕ್ಕ. ಸಹಜ ಸವೆತಕ್ಕೆ ಇದರ ಮೇಲೆ ಬೇರೆ ಹಣವಿಲ್ಲ. ಹಾನಿಯಾಗಿದ್ದರೆ ಅದನ್ನು ಸರಿಪಡಿಸುವ ಹೆಚ್ಚುವರಿ ಕೆಲಸದ ಖರ್ಚು ಮಾತ್ರ ಬಾಡಿಗೆದಾರರದು."

ಮೊತ್ತವನ್ನು ತಿಂಗಳ ಬಾಡಿಗೆ ಎನ್ನದೆ ರೂಪಾಯಿಯಲ್ಲೇ ಬರೆದದ್ದು ಉದ್ದೇಶಪೂರ್ವಕ. ಗರಿಷ್ಠ ಎಂಬ ಪದವೂ ಹಾಗೆಯೇ. ಸಹಜ ಸವೆತ ಏನು ಎಂಬುದಕ್ಕೆ ಸಾಮಾನ್ಯ ವ್ಯಾಖ್ಯೆ ಬರೆಯಲು ಹೋಗಲಿಲ್ಲ, ಯಾಕೆಂದರೆ ಎಂಥ ವ್ಯಾಖ್ಯೆ ಬರೆದರೂ ಜಗಳ ಮತ್ತೆ ಅದರ ಪದಗಳ ಮೇಲೇ ಬರುತ್ತದೆ. ಬದಲಿಗೆ ಆ ಭಾನುವಾರ ನಾವು ಕಂಡದ್ದನ್ನೇ ಒಂದು ಪುಟದಲ್ಲಿ ಬರೆದು ಕರಾರಿಗೆ ಲಗತ್ತಿಸಿದೆವು. ಸ್ವಿಚ್ ಸುತ್ತಲಿನ ಕೊಳೆ, ಬಣ್ಣ ಮಾಸುವುದು, ದೇವರ ಗೂಡಿನ ಮಸಿ, ಒಗ್ಗರಣೆಯ ಎಣ್ಣೆಪಸೆಯನ್ನು ಒರೆಸಿದ ಮೇಲೂ ಉಳಿಯುವ ಹಳದಿ, ಹತ್ತು ಸಣ್ಣ ಮೊಳೆ ತೂತಿನವರೆಗೆ ಸಹಜ. ಡ್ರಿಲ್ ತೂತು, ಗೀಚು, ಅಂಟು ಟೇಪಿನಿಂದ ಕಿತ್ತ ಗೋಡೆಯ ಬಣ್ಣ, ಕೇಳದೆ ಹಚ್ಚಿದ ಬೇರೆ ಬಣ್ಣ ಹಾನಿ. ಗೋಡೆಯೊಳಗಿನ ನೀರು ಯಾವಾಗಲೂ ಮಾಲೀಕರದು, ಆದರೆ ಕಂಡ ಹದಿನೈದು ದಿನದೊಳಗೆ ಬಾಡಿಗೆದಾರರು ಫೋಟೊ ಸಹಿತ ತಿಳಿಸಬೇಕು. ಮನೆ ಕೊಟ್ಟ ದಿನವೇ ಪ್ರತಿ ರೂಮಿನ ನಾಲ್ಕೂ ಗೋಡೆಯ ಫೋಟೊ ತೆಗೆದು ಇಬ್ಬರ ವಾಟ್ಸಾಪ್‌ಗೂ ಹಾಕಿದೆವು.

ಎರಡನೇ ಸಲ

ಆಮೇಲೆ ಬಂದವರು ಕೆಲಸಕ್ಕೆ ಹೋಗುವ ಇಬ್ಬರು ಹುಡುಗರು. 26 ತಿಂಗಳಿದ್ದು ಹೊರಟರು. ಎರಡು ವರ್ಷ ಪೂರ್ಣವಾಗಿದ್ದರಿಂದ 10,000. ಒಂದು ಗೋಡೆಗೆ ಕೇಳದೆ ಗಾಢ ನೀಲಿ ಹಚ್ಚಿದ್ದರು. ಅದನ್ನು ಮುಚ್ಚಲು ಬೇಕಾದ ಪ್ರೈಮರಿಗೂ ಹೆಚ್ಚಿನ ಒಂದು ಕೋಟ್ ಬಣ್ಣಕ್ಕೂ 1,800. ಲಗತ್ತಿನ ಸಾಲು ತೋರಿಸಿದ ಕೂಡಲೇ ಅವರು ಎರಡನೇ ಮಾತಾಡಲಿಲ್ಲ.

ಆದರೆ ನಾವು ಯೋಚಿಸದೇ ಇದ್ದದ್ದೊಂದು ಬಂತು. ಸೊಳ್ಳೆ ಪರದೆಗೆಂದು ನಾಲ್ಕು ಕಿಟಕಿಯ ಚೌಕಟ್ಟಿನ ಸುತ್ತ ವೆಲ್ಕ್ರೋ ಪಟ್ಟಿ ಅಂಟಿಸಿದ್ದರು. ಕಿತ್ತಾಗ ಎನಾಮಲ್ ಬಣ್ಣ ಉದ್ದಕ್ಕೂ ಎದ್ದು ಬಂತು, ಉಳಿದ ಕಡೆ ಅಂಟು ಕಪ್ಪಗೆ ನಿಂತಿತು. ನಮ್ಮ ಪುಟದಲ್ಲಿದ್ದದ್ದು ಗೋಡೆಯ ಮಾತು, ಕಿಟಕಿಯದಲ್ಲ. ಹುಡುಗರಲ್ಲೊಬ್ಬ, "ಅಂಕಲ್, ಬೆಂಗಳೂರಲ್ಲಿ ಪರದೆ ಇಲ್ಲದೆ ಹೇಗೆ ಇರೋದು?" ಅಂದ. ಅದು ನಿಜ. ಮಾಲೀಕರು, "ಕೇಳಿದ್ದರೆ ಮರದ ಫ್ರೇಮಿನ ಜಾಲರಿಯನ್ನೇ ಹಾಕಿಸಿಕೊಡ್ತಿದ್ದೆನಲ್ಲಪ್ಪ" ಅಂದರು. ಅದೂ ನಿಜ. ನಾಲ್ಕು ಕಿಟಕಿಗೆ 2,400 ಆಯಿತು, ಅರ್ಧರ್ಧ ಹಂಚಿಕೊಂಡರು. ಒಟ್ಟು 13,000 ಕಳೆದು, 1,20,000 ಅಡ್ವಾನ್ಸಿನಲ್ಲಿ 1,07,000 ಅವತ್ತೇ ಹುಡುಗರ ಖಾತೆಗೆ ಹೋಯಿತು. ಕಿಟಕಿಗೆ ಈಗ ಮಾಲೀಕರೇ ಜಾಲರಿ ಹಾಕಿಸಿದ್ದಾರೆ, ಲಗತ್ತಿನ ಪುಟಕ್ಕೆ ಕಿಟಕಿ ಚೌಕಟ್ಟಿನದೊಂದು ಸಾಲು ಸೇರಿದೆ.